ಅಮ್ಮನ ಬಾಯಲ್ಲಿ ‘ರಹಸ್ಯ ಸಂಖ್ಯೆ’

ಬ್ಯಾಂಕ್ ವಂಚನೆಯ ಬಗ್ಗೆ ಜನರನ್ನು ಎಚ್ಚರಿಸುವ ಎರಡು ನಿಮಿಷದ ವಿಡಿಯೊ. ಮಂಡ್ಯದ ಹಳ್ಳಿಯ ತಾಯಿಗೆ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ: “ಅಮ್ಮಾ, ನಿಮ್ಮ ರಹಸ್ಯ ಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ.” ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೇಳಿದರೆ ಮಗನಲ್ಲ, ಬ್ಯಾಂಕಿನ ಪ್ರಕಟಣೆ ಮಾತಾಡಿದಂತಿದೆ.

ಆ ಮಗ ಹೇಳುವುದು, “ಅಮ್ಮ, ಓಟಿಪಿ ಯಾರಿಗೂ ಹೇಳ್ಬೇಡ” ಎಂದು. ‘ಅನ್ನು’ ಬಿದ್ದುಹೋಯಿತು, ‘ನೀವು’ ಹೋಗಿ ‘ನೀನು’ ಬಂತು. ತಾಯಿ ಉತ್ತರಿಸುತ್ತಾಳೆ: “ಬ್ಯಾಂಕಿನೋರೇ ಫೋನ್ ಮಾಡಿದ್ರು ಕಣೋ. ಹೇಳ್ದಿದ್ರೆ ಕಾರ್ಡ್ ಬ್ಲಾಕ್ ಆಗುತ್ತೆ ಅಂದ್ರು.”

ಇಲ್ಲಿ ಇಂಗ್ಲಿಷ್ ಪದಗಳು ಬಂದಿರುವುದು ಶೋಕಿಗಲ್ಲ. ಫೋನ್, ಕಾರ್ಡ್, ಬ್ಲಾಕ್ ಅವಳ ಕಿವಿಗೆ ಬಿದ್ದ ಪದಗಳೇ. ‘ಮಾಡು’, ‘ಆಗು’ ಸೇರಿ ಫೋನ್, ಬ್ಲಾಕ್ ಕನ್ನಡದ ಕ್ರಿಯಾಪದಗಳಾಗಿವೆ. ಮಗ ‘ಶೇರ್ ಮಾಡ್ಬೇಡ’ ಎನ್ನಬಹುದು, ಅವಳ ಬಾಯಲ್ಲಿ ಅದು ಕೂರದು. ಪದ ಯಾರದು ಎಂದು ಪಾತ್ರ ಪಾತ್ರಕ್ಕೂ ಕೇಳಿಕೊಳ್ಳಬೇಕು.

ಹೆಚ್ಚಾಗಿ ಕೆಡುವುದು ಅರ್ಧ ಬದಲಾಯಿಸಿದ ಸಾಲು: “ನಾನು ಹಣವನ್ನು ಕಳಿಸ್ತೀನಿ.” ಕ್ರಿಯಾಪದ ಆಡುಮಾತು, ‘ಹಣವನ್ನು’ ಪುಸ್ತಕದ್ದು. ನಟರು ಗಟ್ಟಿಯಾಗಿ ಓದಿದಾಗ ಅಲ್ಲೇ ತಡವರಿಸುತ್ತಾರೆ. “ದುಡ್ಡು ಕಳಿಸ್ತೀನಿ” ಎಂದರೆ ಸಾಕು. ಆದರೆ ಇದು ಹಳೇ ಮೈಸೂರಿನ ಮಾತು. ಮಂಗಳೂರಿನ ಪಾತ್ರವಾದರೆ ‘ಕಳಿಸ್ತೇನೆ’ ಎಂದೇ ಬರೆಯಬೇಕು. ಅಲ್ಲಿ ಆಡುಮಾತೇ ಬರಹಕ್ಕೆ ಹತ್ತಿರ.

ಕೊನೆಯಲ್ಲಿ ಬರುವ ನಿರೂಪಕನ ಸಾಲನ್ನು ನಾನು ಗ್ರಾಂಥಿಕದಲ್ಲೇ ಬಿಡುತ್ತೇನೆ: “ಬ್ಯಾಂಕು ಎಂದಿಗೂ ಓಟಿಪಿ ಕೇಳುವುದಿಲ್ಲ.” ಆ ದನಿ ಯಾವ ಊರಿನದೂ ಅಲ್ಲ.