ಬೇಳೆ ಬಸಿದಷ್ಟೂ ಹೂರಣ ಗಟ್ಟಿ

ಹೋಳಿಗೆ ಲಟ್ಟಿಸುವಾಗ ಅಂಚು ಒಡೆದು ಹೂರಣ ಹೊರಗೆ ಬಂತೆಂದರೆ ಬೈಗುಳ ಬೀಳುವುದು ಕಣಕಕ್ಕೆ. ನಾದಿದ್ದು ಸಾಲದು, ನೆನೆದದ್ದು ಸಾಲದು, ಎಣ್ಣೆ ಕಮ್ಮಿಯಾಯ್ತು ಎನ್ನುತ್ತೇವೆ. ಆದರೆ ಹೆಚ್ಚಿನ ಸಲ ತಪ್ಪು ಹೂರಣದ್ದು. ಅದು ನೀರಾಗಿದ್ದರೆ ಎಂಥ ಕಣಕವೂ ಅದನ್ನು ಹಿಡಿದಿಡಲಾರದು. ಅದರಲ್ಲಿ ಬೇಯದ ಬೇಳೆಯ ಚೂರು ಉಳಿದಿದ್ದರೆ ಲಟ್ಟಣಿಗೆಯ ಒತ್ತಡಕ್ಕೆ ಅದೇ ಚೂರು ಕಣಕವನ್ನು ತೂತು ಮಾಡುತ್ತದೆ. ಈ ಎರಡೂ ತೊಂದರೆಗಳ ಮೂಲ ಕುಕ್ಕರಿನಲ್ಲಿದೆ.

ಹಳೇ ಮೈಸೂರು ಕಡೆಯ ಹಲವು ಮನೆಗಳಲ್ಲಿ ಒಬ್ಬಟ್ಟಿಗೆ ತೊಗರಿಬೇಳೆ ಹಾಕುತ್ತಾರೆ. ಅದು ಬೇಗ ಕರಗುವ ಬೇಳೆ, ಅದರ ಲೆಕ್ಕ ಬೇರೆ. ಇಲ್ಲಿ ಹೇಳುತ್ತಿರುವುದು ಕಡಲೆಬೇಳೆಯ ಹೂರಣದ ಮಾತು. ಕಾಲು ಕಿಲೋ ಬೇಳೆ, ಕಾಲು ಕಿಲೋ ಬೆಲ್ಲ ಎಂದು ಇಟ್ಟುಕೊಳ್ಳೋಣ. ಸಿಹಿ ಕಡಿಮೆ ಸಾಕೆನ್ನುವವರಿಗೆ 200 ಗ್ರಾಂ ಬೆಲ್ಲ ಆಗುತ್ತದೆ. ಬೆಲ್ಲವನ್ನು ಲೋಟದಲ್ಲಿ ಅಳೆಯುವುದಕ್ಕಿಂತ ತೂಗುವುದು ಒಳ್ಳೆಯದು. ತುರಿದು ಸಡಿಲವಾಗಿ ತುಂಬಿದ ಲೋಟಕ್ಕೂ ಪುಡಿ ಮಾಡಿ ಒತ್ತಿ ತುಂಬಿದ ಲೋಟಕ್ಕೂ ಬಹಳ ವ್ಯತ್ಯಾಸ ಬರುತ್ತದೆ, ಮತ್ತು ಹೆಚ್ಚಾದ ಬೆಲ್ಲವೆಲ್ಲ ಒಲೆಯ ಮೇಲೆ ನೀರಾಗುತ್ತದೆ.

ಬೇಳೆಯನ್ನು ತೊಳೆದು ಒಂದು ಗಂಟೆ ನೆನೆಸಿ. ಹೂರಣದ ಬೇಳೆ ಸಮನಾಗಿ ಬೇಯಬೇಕು. ನೆನೆಸದಿದ್ದರೆ ಹೊರಗೆ ಹಿಟ್ಟಾದರೂ ನಡುವೆ ಗಟ್ಟಿ ಉಳಿಯುತ್ತದೆ. ನೆನೆದ ಬೇಳೆಯನ್ನು ನೇರವಾಗಿ ಕುಕ್ಕರಿಗೆ ಹಾಕಿ, ಅದರ ಮೂರು ಪಟ್ಟು ನೀರು, ಒಂದು ಚಮಚ ಎಣ್ಣೆ, ಚಿಟಿಕೆ ಅರಿಶಿನ ಸೇರಿಸಿ. ಎಣ್ಣೆ ಹಾಕಿದರೆ ನೊರೆ ಉಕ್ಕಿ ಸೀಟಿಯ ಬಾಯಿಗೆ ಬರುವುದು ಕಡಿಮೆಯಾಗುತ್ತದೆ.

ಎಷ್ಟು ಸೀಟಿ ಎಂದು ಎಲ್ಲರೂ ಕೇಳುತ್ತಾರೆ. ಮಧ್ಯಮ ಉರಿಯಲ್ಲಿ ಮೂರು ಎನ್ನುವುದು ರೂಢಿಯ ಉತ್ತರ. ಆದರೆ ಸೀಟಿಯ ಎಣಿಕೆಯನ್ನು ಪೂರ್ತಿ ನಂಬುವಂತಿಲ್ಲ. ಉರಿ ಜೋರಾಗಿದ್ದರೆ ಮೂರು ಸೀಟಿ ಬೇಗ ಮುಗಿದುಹೋಗುತ್ತವೆ, ಬೇಳೆಗೆ ಬೇಯಲು ಸಮಯವೇ ಸಿಕ್ಕಿರುವುದಿಲ್ಲ. ಅದಕ್ಕಿಂತ ಗಡಿಯಾರ ನೋಡುವುದು ವಾಸಿ: ಮೊದಲ ಸೀಟಿ ಆದ ಕೂಡಲೇ ಉರಿ ಸಣ್ಣಗೆ ಮಾಡಿ 7ರಿಂದ 8 ನಿಮಿಷ ಬಿಡಿ, ಆಮೇಲೆ ಆರಿಸಿ ಒತ್ತಡ ತಾನಾಗಿಯೇ ಇಳಿಯಲು ಬಿಡಿ. ಈ ಇಳಿಯುವ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ. ಕುಕ್ಕರಿನೊಳಗೆ ಬೇರೆ ಪಾತ್ರೆಯಿಟ್ಟು ಬೇಯಿಸುವವರು, ಹಳೆಯ ಬೇಳೆ ಬಳಸುವವರು ಇನ್ನೂ ನಾಲ್ಕೈದು ನಿಮಿಷ ಹೆಚ್ಚು ಕೊಡಬೇಕು. ಗಡಸು ಬೋರ್‌ವೆಲ್ ನೀರಿನಲ್ಲಿ ಬೇಳೆ ಹಟ ಮಾಡುತ್ತದೆ. ಕುಡಿಯುವ ಫಿಲ್ಟರ್ ನೀರು ಹಾಕಿದರೆ ಆ ಗೋಳು ತಪ್ಪುತ್ತದೆ.

ಮುಚ್ಚಳ ತೆಗೆದ ಮೇಲೆ ಒಂದೆರಡು ಬೇಳೆ ತೆಗೆದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ನೋಡಿ. ನೋಡುವುದಕ್ಕೆ ಬೇಳೆ ಬೇಳೆಯಾಗಿಯೇ ಇರಬೇಕು, ಒತ್ತಿದಾಗ ಪೂರ್ತಿ ಹಿಟ್ಟಾಗಬೇಕು, ಬೆರಳಿಗೆ ಒಂದು ತರಿಯೂ ಸಿಗಬಾರದು. ತರಿ ಸಿಕ್ಕಿದರೆ ಬೆಲ್ಲ ಹಾಕುವ ಮೊದಲೇ ಇನ್ನಷ್ಟು ಬೇಯಿಸಿ. ಬೆಲ್ಲ ಬಿದ್ದ ಮೇಲೆ ಬೇಳೆ ಮತ್ತೆ ಮೆತ್ತಗಾಗುವುದು ಬಹಳ ಕಷ್ಟ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿದರೆ ಮಾತ್ರ ಬೇಳೆ ಮೆತ್ತಗಾಗುತ್ತದೆ. ಬೆಲ್ಲದಲ್ಲಿರುವ ಸಕ್ಕರೆ ಮತ್ತು ಸುಣ್ಣದಂಶ ಆ ಕರಗುವಿಕೆಯನ್ನು ತಡೆಯುತ್ತವೆ. ಅರೆಬೆಂದ ಬೇಳೆಗೆ ಬೆಲ್ಲ ಹಾಕಿ ಎಷ್ಟು ಹೊತ್ತು ಕುದಿಸಿದರೂ ಅದು ಹಾಗೇ ಉಳಿಯುವುದು ಇದರಿಂದಲೇ. ಇನ್ನೊಂದು ತುದಿಗೆ ಹೋಗಿ ಬೇಳೆ ಗಂಜಿಯಂತೆ ಕದಡಿದ್ದರೆ ಅದೂ ತೊಂದರೆಯೇ. ಕದಡಿದ ಬೇಳೆಯಿಂದ ನೀರು ಬೇರೆಯಾಗುವುದಿಲ್ಲ.

ಈಗ ಬಸಿಯುವ ಕೆಲಸ. ಹೂರಣ ಗಟ್ಟಿಯಾಗುವುದೂ ಕೆಡುವುದೂ ನಿಜವಾಗಿ ಇಲ್ಲೇ. ಬೇಳೆಯನ್ನು ಜರಡಿಗೆ ಸುರಿದು, ಕೆಳಗೆ ಪಾತ್ರೆಯಿಟ್ಟು, ಕಾಲು ಗಂಟೆಯಾದರೂ ಹಾಗೇ ಬಿಡಿ. ಮೊದಲ ಎರಡು ನಿಮಿಷದಲ್ಲಿ ನೀರೆಲ್ಲ ಇಳಿಯಿತು ಎನಿಸುತ್ತದೆ. ಆದರೆ ಬೇಳೆಯ ಸಂದಿಗಳಲ್ಲಿ ನಿಂತದ್ದು ತೊಟ್ಟಿಕ್ಕುತ್ತಲೇ ಇರುತ್ತದೆ. ನಡುವೆ ಒಂದೆರಡು ಸಲ ಜರಡಿಯನ್ನು ಕುಲುಕಿ. ಬೇಳೆಯ ಮೇಲ್ಮೈ ಹೊಳಪು ಕಳೆದು ಒಣಗಿದಂತೆ ಕಂಡರೆ ಬಸಿದದ್ದು ಸಾಕು. ಅವಸರದಲ್ಲಿ ಉಳಿಸಿದ ಅರ್ಧ ಲೋಟ ನೀರನ್ನು ಮುಂದೆ ಒಲೆಯ ಮೇಲೆ ಇಂಗಿಸುವುದು ದೀರ್ಘ ಕೆಲಸ. ಅಷ್ಟರಲ್ಲಿ ಬೆಲ್ಲ ತಳ ಹಿಡಿಯುತ್ತದೆ. ಕೆಳಗೆ ಇಳಿದ ಕಟ್ಟನ್ನು ಚೆಲ್ಲಬೇಡಿ, ಹೋಳಿಗೆ ಸಾರು ಆಗುವುದು ಅದರಲ್ಲೇ.

ಬಸಿದ ಬೇಳೆಯನ್ನು ದಪ್ಪ ತಳದ ಅಗಲ ಬಾಣಲೆಗೆ ಹಾಕಿ ಬೆಲ್ಲ ಸೇರಿಸಿ. ಅಗಲ ಹೆಚ್ಚಿದಷ್ಟೂ ಆವಿ ಬೇಗ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಬೆಲ್ಲ ಕರಗಿ ಇಡೀ ಬಾಣಲೆ ಪಾಯಸದ ಹದಕ್ಕೆ ಬರುತ್ತದೆ. ಹೊಸದಾಗಿ ಮಾಡುವವರು ಗಾಬರಿಯಾಗುವುದು ಆಗಲೇ. ಗಾಬರಿ ಬೇಡ, ಅದು ಹಾಗೆ ಆಗಲೇಬೇಕು. ಮಧ್ಯಮ ಉರಿಯಲ್ಲಿ ತಳ ಕೆರೆಯುತ್ತಾ ತಿರುವುತ್ತಿದ್ದರೆ 10-15 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಕಸವಿರುವ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಬೇಕಾಗಿ ಬಂದರೆ, ಸೋಸಿದ ನೀರನ್ನು ಮೊದಲು ಕುದಿಸಿ ದಪ್ಪ ಮಾಡಿಕೊಂಡು ಆಮೇಲೆ ಬೇಳೆಗೆ ಸೇರಿಸಿ.

ಹದ ನೋಡುವ ಬಗೆ ಸುಲಭ: ಸೌಟನ್ನು ನಡುವೆ ನೆಟ್ಟರೆ ಅದು ಬೀಳದೆ ನಿಲ್ಲಬೇಕು. ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಅದು ಕೂಡಲೇ ಮುಚ್ಚಿಕೊಳ್ಳಬಾರದು. ಅಲ್ಲಿಗೆ ಒಲೆ ಆರಿಸಿ, ಏಲಕ್ಕಿ ಪುಡಿ ಹಾಕಿ. ಆರಿದ ಮೇಲೆ ಹೂರಣ ಇನ್ನೂ ಬಿಗಿಯಾಗುತ್ತದೆ, ಆದ್ದರಿಂದ ಒಲೆಯ ಮೇಲೆಯೇ ಉಂಡೆಯಾಗುವ ತನಕ ಕಾಯುವುದು ಅತಿಯಾಯಿತು. ಹಾಗೆ ಕಾದರೆ ಬೆಲ್ಲ ಪಾಕಕ್ಕೆ ತಿರುಗಿ, ಮರುದಿನ ಹೋಳಿಗೆ ಒಳಗೆ ಕಲ್ಲಾಗುತ್ತದೆ.

ರುಬ್ಬುವಾಗ ಒಂದು ಹನಿ ನೀರೂ ಬೇಡ. ಒರಳಿನಲ್ಲಿ ರುಬ್ಬಿದ ಹೂರಣದ ನುಣುಪು ಬೇರೆಯೇ. ಕಲ್ಲಿಗೆ ನೀರು ಬೇಕಾಗುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ತೂತಿನ ತಟ್ಟೆಯಿರುವ ಹೂರಣದ ಯಂತ್ರವನ್ನು ಕೈಯಲ್ಲಿ ತಿರುಗಿಸುತ್ತಾರೆ. ಬೇಯದ ಬೇಳೆ ಅದರ ತೂತಿನಲ್ಲಿ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಹಾಗಾಗಿ ನನಗೆ ಅದರ ಮೇಲೆ ಬಹಳ ವಿಶ್ವಾಸ. ಮಿಕ್ಸಿಯಾದರೆ ಹೂರಣ ಉಗುರುಬೆಚ್ಚಗಿರುವಾಗ ರುಬ್ಬಬೇಕು. ಬಿಸಿಬಿಸಿ ಹಾಕಿದರೆ ಆವಿಗೆ ಮುಚ್ಚಳ ಹಾರುತ್ತದೆ, ಪೂರ್ತಿ ಆರಿದರೆ ಗಟ್ಟಿಯಾಗಿ ಬ್ಲೇಡ್ ಸುಮ್ಮನೆ ತಿರುಗುತ್ತದೆ. ಜಾರಿನ ಮೂರನೇ ಒಂದು ಭಾಗದಷ್ಟೇ ಹಾಕಿ, ಬಿಟ್ಟುಬಿಟ್ಟು ತಿರುಗಿಸಿ, ಪ್ರತಿ ಸಲ ಚಮಚದಿಂದ ಕೆಳಮೇಲೆ ಮಾಡಿ. ತಿರುಗದಿದ್ದರೆ ನೀರು ಸುರಿಯುವ ಬದಲು ಜಾರಿನಿಂದ ಸ್ವಲ್ಪ ತೆಗೆಯಿರಿ.

ರುಬ್ಬಿದ್ದನ್ನು ಅಂಗೈಯಲ್ಲಿ ಉಂಡೆ ಕಟ್ಟಿ ನೋಡಿ. ಕೈಗೆ ಮೆತ್ತದೆ, ಬಿರುಕು ಬಿಡದೆ, ತಟ್ಟೆಯಲ್ಲಿಟ್ಟರೆ ಚಪ್ಪಟೆಯಾಗದೆ ನಿಂತರೆ ತುಂಬುವ ಹದ. ಅಂಟುತ್ತಿದ್ದರೆ ಮತ್ತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ತಿರುವಿ, ಅಥವಾ ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಅಷ್ಟಕ್ಕೂ ಬಗ್ಗದಿದ್ದರೆ ಒಂದೆರಡು ಚಮಚ ಹುರಿಗಡಲೆ ಹಿಟ್ಟು ಬೆರೆಸಬಹುದು. ಹಸಿ ಮೈದಾ ಮಾತ್ರ ಬೇಡ, ಅದರ ಹಸಿ ವಾಸನೆ ಹೋಗುವುದಿಲ್ಲ. ಬಿರುಕು ಬಿಟ್ಟರೆ ಒಂದು ಚಮಚ ಬಿಸಿ ಹಾಲು ಚಿಮುಕಿಸಿ ನಾದಿದರೆ ಸರಿಹೋಗುತ್ತದೆ. ಫ್ರಿಜ್‌ನಿಂದ ತೆಗೆದ ಹೂರಣವನ್ನು ತಣ್ಣಗಿರುವಾಗಲೇ ತುಂಬಬೇಡಿ. ಮೆತ್ತನೆಯ ಕಣಕ ಹರಡುತ್ತಾ ಹೋಗುತ್ತದೆ, ಬಿಗಿದ ಹೂರಣ ನಡುವೆಯೇ ನಿಂತುಬಿಡುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಎರಡೂ ಬೆರಳಿಗೆ ಹೆಚ್ಚುಕಡಿಮೆ ಒಂದೇ ಮೆದುವಾದ ಮೇಲೆ ಉಂಡೆ ಕಟ್ಟಲು ಕೂತುಕೊಳ್ಳಿ.