ಇಎಂಐ ಹೆಚ್ಚು ಕಟ್ಟಿದವರದೇ ಮನೆಯಾ?

ಬೆಂಗಳೂರಿನಲ್ಲಿ 80 ಲಕ್ಷದ ಫ್ಲ್ಯಾಟ್ ಅಂದುಕೊಳ್ಳಿ. ಹೆಂಡತಿ ತನ್ನ ಉಳಿತಾಯದಿಂದ 20 ಲಕ್ಷ ಡೌನ್ ಪೇಮೆಂಟ್ ಕೊಟ್ಟಿದ್ದಾಳೆ. ಉಳಿದ 60 ಲಕ್ಷ ಇಬ್ಬರ ಹೆಸರಲ್ಲಿ ಸಾಲ. ಇಎಂಐನಲ್ಲಿ ಮೂರರಲ್ಲಿ ಎರಡು ಪಾಲು ಗಂಡನದು. ತಿಂಗಳು ತಿಂಗಳು ಕಣ್ಣಿಗೆ ಬೀಳೋದು ಅವನ ಕಂತೇ. ಹಾಗಾಗಿ ಬಾಡಿಗೆಗೆ ಕೊಡೋದಾ, ಮಾರೋದಾ ಅನ್ನೋದಕ್ಕೆಲ್ಲ ಅವನದೇ ಕೊನೆ ಮಾತು ಆಗಿಬಿಡುತ್ತೆ.

ಲೆಕ್ಕ ಹಾಕಿ. ಅಸಲಿನಲ್ಲಿ ಅವನದು 40 ಲಕ್ಷ. ಅವಳದು ಸಾಲದ 20, ಮೊದಲೇ ಕೊಟ್ಟ 20. ಅದೂ 40! ಬಡ್ಡಿ ಅವನು ಹೆಚ್ಚು ಕಟ್ಟುತ್ತಾನೆ, ನಿಜ. ಆದರೆ ಅವಳ ದುಡ್ಡು ಮೊದಲ ದಿನವೇ ಕೈಬಿಟ್ಟು ಹೋಗಿದೆ.

ಕ್ರಯಪತ್ರದಲ್ಲಿ ಪಾಲು ಬರೆಸದಿದ್ದರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ, ಯಾರು ಎಷ್ಟು ಹಾಕಿದರು ಅಂತ ನೋಡುತ್ತೆ. ಪುರಾವೆ ಇಲ್ಲದಿದ್ದರೆ ಸಮಪಾಲು ಅಂತಲೇ ಭಾವಿಸುತ್ತೆ. ಪಾಲು 60-40 ಇದ್ದರೂ ಇಡೀ ಮನೆ ಮಾರೋಕೆ ಇಬ್ಬರ ಸಹಿಯೂ ಬೇಕು. ಬ್ಯಾಂಕಿಗೆ ಮಾತ್ರ ಈ ಪಾಲಿನ ಗೊಡವೆಯೇ ಇಲ್ಲ. ಒಬ್ಬರು ಕಂತು ನಿಲ್ಲಿಸಿದರೆ ಪೂರ್ತಿ ಬಾಕಿಯನ್ನು ಇನ್ನೊಬ್ಬರ ಹತ್ತಿರ ಕೇಳಬಹುದು.

ಅದಕ್ಕೇ ನೋಂದಣಿಗೆ ಮುಂಚೆಯೇ ಕೂತು ಮಾತಾಡಿ, ಪಾಲನ್ನು ಕ್ರಯಪತ್ರದಲ್ಲೇ ಬರೆಸಿ. ಅವಳ 20 ಲಕ್ಷ ಗಂಡನ ಖಾತೆ ಸುತ್ತಿಕೊಂಡು ಹೋಗೋದು ಬೇಡ, ಅವಳ ಖಾತೆಯಿಂದ ನೇರವಾಗಿ ಬಿಲ್ಡರ್‌ಗೆ ಹೋಗಲಿ.