ಏರುವಾಗ 28.4, ಇಳಿಯುವಾಗ 30

ಕೋಣೆಯ ಉಷ್ಣಾಂಶ 30 ಡಿಗ್ರಿ. ತಣ್ಣಗಿದ್ದ ಕೋಣೆ ಬಿಸಿಯಾಗುತ್ತ ಅಲ್ಲಿಗೆ ಬಂದಿದ್ದರೆ ಗೋಡೆಯ ಮೇಲಿನ ಪುಟ್ಟ ಮಾಪಕ 28.4 ಎನ್ನುತ್ತದೆ. ಬಿಸಿ ಆರುತ್ತ ಅಲ್ಲಿಗೆ ಇಳಿದಿದ್ದರೆ ಸರಿಯಾಗಿ 30.0 ಎನ್ನುತ್ತದೆ. ಸೆನ್ಸರ್ ಕೆಟ್ಟಿಲ್ಲ, ತಂತಿಯೂ ಸಡಿಲವಾಗಿಲ್ಲ. ತಪ್ಪಿರುವುದು ಲೆಕ್ಕದಲ್ಲಿ, ಭಾಗಿಸಿದ ಮೇಲೆ ಉಳಿದ ಶೇಷವನ್ನು ಎಸೆದುಬಿಟ್ಟ ಕಡೆ.

ಹವ್ಯಾಸಿಗಳ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವ ಆರ್ಡುಯಿನೊ ಊನೊ ಬೋರ್ಡಿನ ಮೂರನೇ ಆವೃತ್ತಿಯನ್ನೇ ತೆಗೆದುಕೊಳ್ಳೋಣ. ಅದರ ಎಟಿಮೆಗಾ 328ಪಿ ಚಿಪ್‌ಗೆ ಗೊತ್ತಿರುವುದು ಪೂರ್ಣಾಂಕಗಳು ಮಾತ್ರ. ದಶಮಾಂಶದ ಲೆಕ್ಕಕ್ಕೆ ಬೇಕಾದ ಯಂತ್ರಾಂಗ ಅದರಲ್ಲಿಲ್ಲ. ಪ್ರೋಗ್ರಾಮಿನಲ್ಲಿ ದಶಮಾಂಶ ಬರೆದರೂ ನಡೆಯುತ್ತದೆ, ಆದರೆ ಪ್ರತಿ ಕೂಡು-ಕಳೆಗೂ ಚಿಪ್ ಹತ್ತಾರು ಸೂಚನೆಗಳನ್ನು ಓಡಿಸಬೇಕಾಗುತ್ತದೆ. ಆದ್ದರಿಂದ ತಿಳಿದವರು 12.50 ರೂಪಾಯಿಯನ್ನು 1250 ಪೈಸೆ ಎಂದು ಬರೆದಿಟ್ಟುಕೊಳ್ಳುವ ಹಾಗೆ ಲೆಕ್ಕ ಹಾಕುತ್ತಾರೆ. ಬಿಂದು ಎಲ್ಲಿದೆ ಎಂಬುದು ಬರೆದವರ ನೆನಪಿನಲ್ಲಿರುತ್ತದೆ, ಚಿಪ್ ಕಾಣುವುದು ಪೂರ್ಣಾಂಕವನ್ನಷ್ಟೇ. ಇದೇ ಫಿಕ್ಸೆಡ್ ಪಾಯಿಂಟ್ ಗಣಿತ.

ನಮ್ಮ ಮಾಪಕದ ಸೆನ್ಸರ್ ಎಲ್‌ಎಂ35. ಡಿಗ್ರಿಗೆ 10 ಮಿಲಿವೋಲ್ಟ್‌ನಂತೆ 30 ಡಿಗ್ರಿಗೆ ಅದು 300 ಮಿಲಿವೋಲ್ಟ್ ಕೊಡುತ್ತದೆ. ಚಿಪ್ ತನ್ನೊಳಗಿನ 1.1 ವೋಲ್ಟ್‌ ಅನ್ನು 1024 ಮೆಟ್ಟಿಲು ಮಾಡಿ ಅಳೆಯುವುದರಿಂದ ಅದಕ್ಕೆ ಸಿಗುವ ಅಂಕಿ 279. ಒಂದು ಮೆಟ್ಟಿಲೆಂದರೆ ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಂಕಿಯನ್ನು 275ರಿಂದ ಗುಣಿಸಿ 256ರಿಂದ ಭಾಗಿಸಿದರೆ ಉಷ್ಣಾಂಶ ಹತ್ತನೇ ಭಾಗಗಳಲ್ಲಿ ಬರುತ್ತದೆ. 279ಕ್ಕೆ ಗುಣಲಬ್ಧ 76725, ಭಾಗಲಬ್ಧ 299.7. ಚಿಪ್ ಆ .7 ಅನ್ನು ಕೈಬಿಟ್ಟು 29.9 ಎಂದು ತೋರಿಸುತ್ತದೆ. ಭಾಗಿಸುವ ಮೊದಲು 256ರ ಅರ್ಧ, ಅಂದರೆ 128 ಕೂಡಿಸಿದರೆ ಉತ್ತರ 300 ಆಗಿ, 30.0 ಸಿಗುತ್ತದೆ. ಈ ಬೋರ್ಡಿನ ಸಾಮಾನ್ಯ ಪೂರ್ಣಾಂಕ 32767ರ ಆಚೆ ಹೋಗದ ಕಾರಣ ಗುಣಾಕಾರವನ್ನು 32 ಬಿಟ್‌ಗಳಲ್ಲಿ ಮಾಡಬೇಕು. ಮರೆತರೆ 30 ಡಿಗ್ರಿಯ ಕೋಣೆ 4.3 ಎಂದು ಕಾಣಬಹುದು. ಇಂಥ ತಪ್ಪು ಎದ್ದು ಕಾಣುವುದರಿಂದ ಬೇಗ ಸಿಕ್ಕಿಬೀಳುತ್ತದೆ.

ಸುಲಭಕ್ಕೆ ಸಿಗದ ತಪ್ಪು ಬೇರೆಯದು. ಸೆನ್ಸರಿನ ಅಂಕಿ ಸದಾ ಒಂದೆರಡು ಮೆಟ್ಟಿಲು ಕುಣಿಯುತ್ತಿರುತ್ತದೆ. ಕುಣಿತ ತಗ್ಗಿಸಲು ಹಳೆಯ ಅಂಕಿಯನ್ನು ಪ್ರತಿ ಸಲವೂ ಹೊಸದರತ್ತ ವ್ಯತ್ಯಾಸದ ಹದಿನಾರನೇ ಒಂದು ಭಾಗದಷ್ಟು ಸರಿಸುತ್ತಾರೆ. ಬಿಟ್‌ಗಳನ್ನು ನಾಲ್ಕು ಸ್ಥಾನ ಬಲಕ್ಕೆ ಜರುಗಿಸಿದರೆ 16ರಿಂದ ಭಾಗಿಸಿದಂತೆ:

```c
y += (x - y) >> 4;
```

`x` ಹೊಸ ಅಂಕಿ, `y` ಹಳೆಯದು. `y` 250ರಲ್ಲಿದ್ದಾಗ `x` 279ಕ್ಕೆ ಏರಿತೆನ್ನಿ. ವ್ಯತ್ಯಾಸ 29, ಹದಿನಾರರಿಂದ ಭಾಗಿಸಿದರೆ 1. ಹೀಗೆ ಒಂದೊಂದೇ ಹೆಜ್ಜೆ ಇಟ್ಟು `y` 264ಕ್ಕೆ ತಲುಪುತ್ತದೆ. ಈಗ ವ್ಯತ್ಯಾಸ 15, ಭಾಗಲಬ್ಧ ಸೊನ್ನೆ. ಎಷ್ಟು ಹೊತ್ತು ಕಾದರೂ ಅದು ಅಲ್ಲಿಂದ ಕದಲುವುದಿಲ್ಲ. 264 ಎಂದರೆ 28.4 ಡಿಗ್ರಿ.

ಮೇಲಿನಿಂದ ಇಳಿಯುವಾಗ ಹೀಗಾಗುವುದಿಲ್ಲ. ಬಲಕ್ಕೆ ಜರುಗಿಸುವಿಕೆ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೇ ಇಳಿಸುತ್ತದೆ. ಹಾಗಾಗಿ -1 ಕೂಡ ಸೊನ್ನೆಯಾಗದೆ -1 ಆಗಿಯೇ ಉಳಿದು, `y` ಸರಿಯಾಗಿ 279ರವರೆಗೆ ಇಳಿಯುತ್ತದೆ. ಜರುಗಿಸುವ ಬದಲು `/ 16` ಎಂದು ಬರೆದರೆ ಸಿ ಭಾಷೆ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಆಗ ಇಳಿಯುವಾಗಲೂ 294ರಲ್ಲಿ ಸಿಕ್ಕಿಕೊಂಡು 31.6 ಎಂದು ತೋರಿಸುತ್ತದೆ. ಎರಡೂ ಭಾಗಾಕಾರವೇ ಆದರೂ ತಪ್ಪಿನ ರೂಪ ಬೇರೆ ಬೇರೆ.

ಪರಿಹಾರವೆಂದರೆ ಶೇಷವನ್ನು ಎಸೆಯದೆ ಇಟ್ಟುಕೊಳ್ಳುವುದು. ಹಳೆಯ ಅಂಕಿಯನ್ನು ಅದರ ಹದಿನಾರು ಪಟ್ಟಿನ ರೂಪದಲ್ಲೇ ಉಳಿಸಿ, ತೋರಿಸುವಾಗ ಮಾತ್ರ ಭಾಗಿಸಬೇಕು:

```c
acc += x - (acc >> 4);
y = acc >> 4;
```

ಈಗ 15ರ ವ್ಯತ್ಯಾಸವೂ `acc`ಗೆ ಪೂರ್ತಿಯಾಗಿ ಸೇರುತ್ತದೆ. ಏರಿದರೆ `acc` 4464ರಲ್ಲಿ ನಿಲ್ಲುತ್ತದೆ, ಇಳಿದರೆ 4479ರಲ್ಲಿ. ಯಾವುದನ್ನು 16ರಿಂದ ಭಾಗಿಸಿದರೂ ಸಿಗುವುದು 279. ಅಂಕಿ 1023 ದಾಟದ ಕಾರಣ `acc` 16 ಬಿಟ್‌ಗಳಲ್ಲಿ ಆರಾಮವಾಗಿ ಹಿಡಿಸುತ್ತದೆ. ಇನ್ನೂ ನಯವಾಗಬೇಕೆಂದು ಹದಿನಾರರ ಬದಲು 128 ಇಟ್ಟರೆ ಹಿಡಿಸುವುದಿಲ್ಲ, 32 ಬಿಟ್ ಬೇಕಾಗುತ್ತದೆ.

ಇಂಥ ದೋಷ ಪತ್ತೆ ಹಚ್ಚಲು ಸೆನ್ಸರೇ ಬೇಡ. ಲೆಕ್ಕದ ಸಾಲುಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ಒಂದೇ ಸ್ಥಿರ ಅಂಕಿಯನ್ನು ಸಾವಿರ ಸಲ ಕೊಡಿ, ಒಮ್ಮೆ ಕೆಳಗಿನಿಂದ ಶುರುಮಾಡಿ, ಇನ್ನೊಮ್ಮೆ ಮೇಲಿನಿಂದ. ಉತ್ತರಗಳೆರಡೂ ಕೊಟ್ಟ ಅಂಕಿಗೇ ಬಂದು ನಿಲ್ಲಬೇಕು. ಎರಡೂ ಪರಸ್ಪರ ಹೊಂದಿದರೆ ಸಾಲದು, ಏಕೆಂದರೆ ಎರಡೂ ಒಟ್ಟಿಗೇ ತಪ್ಪಿರಬಹುದು.